ಹೋದ ವರ್ಷದ ಲಾಭ ಈ ವರ್ಷ ಬದಲಾದಾಗ

ಬಾಡಿಗೆ ಕಾರಿನ ಕಂಪನಿಗೆ ಸವಕಳಿಯೇ ದೊಡ್ಡ ಖರ್ಚು. ಹೊಸ ಕಾರು ಕೊಂಡು ಒಂದೆರಡು ವರ್ಷ ಬಾಡಿಗೆಗೆ ಓಡಿಸಿ ಆಮೇಲೆ ಮಾರಿಬಿಡುವುದು ಆ ವ್ಯಾಪಾರದ ರೀತಿ. ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವನ್ನು ಓಡಿಸಿದ ತಿಂಗಳುಗಳಿಗೆ ಹಂಚಿ ಖರ್ಚಿಗೆ ಹಾಕಬೇಕು. ಆದರೆ ಕಾರು ಎಷ್ಟು ತಿಂಗಳು ಓಡೀತು, ಕೊನೆಗೆ ಎಷ್ಟಕ್ಕೆ ಹೋದೀತು ಎಂಬುದು ಕೊಳ್ಳುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ತಿಂಗಳ ಲಾಭದೊಳಗೂ ಒಂದು ಊಹೆ ಅಡಗಿರುತ್ತದೆ.

ಅಮೆರಿಕದ ಹರ್ಟ್ಜ್ ಕಂಪನಿ 2013ರಲ್ಲಿ ಈ ಊಹೆಯನ್ನು ಬದಲಿಸಿತು. 20 ತಿಂಗಳು ಇಟ್ಟುಕೊಳ್ಳುತ್ತಿದ್ದ ಕಾರುಗಳನ್ನು 24 ತಿಂಗಳು ಇಟ್ಟುಕೊಳ್ಳುವ ಯೋಜನೆ ಹಾಕಿತು. ಅದೇ ಕಂಪನಿ ಮರುವರ್ಷ, 2014ರ ಜೂನ್‌ನಲ್ಲಿ, ತನ್ನ 2011ರ ಲೆಕ್ಕಪತ್ರಗಳನ್ನು ಇನ್ನು ಯಾರೂ ನಂಬಬಾರದು ಎಂದು ತಾನೇ ಪ್ರಕಟಿಸಿತು. ನವೆಂಬರ್ ಹೊತ್ತಿಗೆ 2012 ಮತ್ತು 2013ರ ಲೆಕ್ಕಗಳೂ ಆ ಸಾಲಿಗೆ ಸೇರಿದವು. 2015ರ ಜುಲೈನಲ್ಲಿ ತಿದ್ದಿದ ಲೆಕ್ಕ ಹೊರಬಂದಾಗ, ಹಿಂದೆ ತೋರಿಸಿದ್ದ ತೆರಿಗೆ ಪೂರ್ವ ಲಾಭದಲ್ಲಿ ಒಟ್ಟು 23.5 ಕೋಟಿ ಡಾಲರ್ ಕರಗಿಹೋಗಿತ್ತು.

ಮೊದಲನೆಯದು ಅಂದಾಜಿನ ಬದಲಾವಣೆ, ಎರಡನೆಯದು ಹಿಂದಿನ ಅವಧಿಯ ತಪ್ಪಿನ ತಿದ್ದುಪಡಿ. ಎರಡರಲ್ಲೂ ಅಂಕಿ ಬದಲಾಗುತ್ತದೆ, ಷೇರುದಾರನಿಗೆ ಎರಡೂ ಒಂದೇ ಬಗೆಯ ಕಿರಿಕಿರಿಯಾಗಿ ಕಾಣಬಹುದು. ಲೆಕ್ಕಶಾಸ್ತ್ರ ಮಾತ್ರ ಇವುಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅಂದಾಜು ಬದಲಾದರೆ ಹಿಂದಿನ ವರ್ಷಗಳ ಅಂಕಿಗಳನ್ನು ಮುಟ್ಟುವಂತಿಲ್ಲ. ಗಣನೀಯವಾದ ತಪ್ಪು ಸಿಕ್ಕಿದರೆ ಮುಟ್ಟದೆ ಬಿಡುವಂತಿಲ್ಲ.

ಅಂದಾಜಿನ ಲೆಕ್ಕ ಹೇಗೆ ಸಾಗುತ್ತದೆ ಎಂಬುದಕ್ಕೆ ಒಂದು ಕಾರನ್ನೇ ಹಿಡಿಯಬಹುದು. ಅಂಕಿಗಳು ಇಲ್ಲಿ ಕಲ್ಪಿತ. ಕಾರಿನ ಬೆಲೆ 12 ಲಕ್ಷ ರೂಪಾಯಿ. 20 ತಿಂಗಳು ಓಡಿಸಿ 8 ಲಕ್ಷಕ್ಕೆ ಮಾರುವ ಅಂದಾಜು. ತಿಂಗಳಿಗೆ 20,000 ರೂಪಾಯಿ ಸವಕಳಿ. ಹತ್ತು ತಿಂಗಳು ಕಳೆದಾಗ ಪುಸ್ತಕದಲ್ಲಿ ಕಾರಿನ ಬೆಲೆ 10 ಲಕ್ಷಕ್ಕೆ ಇಳಿದಿರುತ್ತದೆ. ಆ ಹೊತ್ತಿಗೆ ಕಂಪನಿ ಕಾರನ್ನು ಒಟ್ಟು 24 ತಿಂಗಳು ಓಡಿಸೋಣ, ಆಗ 7.62 ಲಕ್ಷ ಬಂದೀತು ಎಂದು ತೀರ್ಮಾನಿಸಿತೆನ್ನಿ. ಇನ್ನು ಇಳಿಯಬೇಕಾದ 2.38 ಲಕ್ಷವನ್ನು ಉಳಿದ 14 ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 17,000 ಬರುತ್ತದೆ. ಕಳೆದ ಹತ್ತು ತಿಂಗಳು ಹಾಕಿದ್ದ 20,000 ಹಾಗೇ ಇರುತ್ತದೆ. ಅದು ತಪ್ಪಲ್ಲ, ಅಂದು ತಿಳಿದಿದ್ದಕ್ಕೆ ತಕ್ಕ ಲೆಕ್ಕ.

ಕಾರೊಂದಕ್ಕೆ ತಿಂಗಳಿಗೆ 3,000 ರೂಪಾಯಿ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಸಾವಿರ ಕಾರುಗಳಿದ್ದರೆ ತಿಂಗಳಿಗೆ 30 ಲಕ್ಷ ಖರ್ಚು ಕಡಿಮೆ, ಅಷ್ಟೇ ಲಾಭ ಹೆಚ್ಚು. ಒಬ್ಬ ಗಿರಾಕಿಯೂ ಹೆಚ್ಚಾಗಿ ಬಂದಿರುವುದಿಲ್ಲ. ಹರ್ಟ್ಜ್ ಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಹೊರಿಸಿದ ಆಪಾದನೆಗಳಲ್ಲಿ ಇದೂ ಸೇರಿತ್ತು. ಕಾರುಗಳನ್ನು ಹೆಚ್ಚು ಕಾಲ ಇಟ್ಟುಕೊಳ್ಳಬಾರದೆಂದೇನೂ ಇಲ್ಲ. ಹಾಗೆ ಇಟ್ಟುಕೊಂಡಿದ್ದರಿಂದ ಖರ್ಚು ಇಳಿದಿದೆ, ಹಳೆಯ ಕಾರು ಕೊಟ್ಟರೆ ಗಿರಾಕಿಗಳು ಪಕ್ಕದ ಕಂಪನಿಗೆ ಹೋಗುವ ಅಪಾಯವಿದೆ ಎಂಬುದನ್ನು ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ತಕರಾರು. ಅಂದಾಜು ಬದಲಿಸುವ ಸ್ವಾತಂತ್ರ್ಯ ಇದೆ. ಅದರ ಪರಿಣಾಮವನ್ನು ಮುಚ್ಚಿಡುವ ಸ್ವಾತಂತ್ರ್ಯ ಇಲ್ಲ.

2014ರಲ್ಲಿ ಕಂಪನಿ ಒಪ್ಪಿಕೊಂಡ ತಪ್ಪುಗಳ ಜಾಡೇ ಬೇರೆ. ಬಾಡಿಗೆ ಕಾರುಗಳಲ್ಲದ ಬೇರೆ ಆಸ್ತಿಗಳ ವಿಷಯದಲ್ಲಿ ಯಾವ ವೆಚ್ಚವನ್ನು ಆಸ್ತಿ ಎಂದು ಬರೆಯಬೇಕು, ಸವಕಳಿ ಎಂದಿನಿಂದ ಶುರುವಾಗಬೇಕು ಎಂಬಲ್ಲಿ ಎಡವಟ್ಟಾಗಿತ್ತು. ಬ್ರೆಜಿಲ್‌ನ ವ್ಯವಹಾರದಲ್ಲಿ ವಸೂಲಾಗದ ಬಾಕಿಗೆ ತೆಗೆದಿಟ್ಟ ಮೊತ್ತ ಸರಿಯಿರಲಿಲ್ಲ. ಇವು ಭವಿಷ್ಯ ತಿಳಿಯದೆ ಆದವಲ್ಲ. ಲೆಕ್ಕ ಬರೆದ ದಿನವೇ ಸರಿಯಾಗಿ ಬರೆಯಲು ಬೇಕಾದದ್ದೆಲ್ಲ ಕೈಯಲ್ಲಿತ್ತು.

ನಮ್ಮ ದೇಶದ ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 8 ಎಂಬ ಮಾನದಂಡವೂ, ಅದಕ್ಕೆ ಮೂಲವಾದ ಅಂತರರಾಷ್ಟ್ರೀಯ ಮಾನದಂಡವೂ ಗೆರೆ ಎಳೆಯುವುದು ಇಲ್ಲೇ. ಆ ವರ್ಷದ ಲೆಕ್ಕಕ್ಕೆ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟ ದಿನ ನಂಬಲರ್ಹ ಮಾಹಿತಿ ಲಭ್ಯವಿತ್ತೇ? ತಕ್ಕಮಟ್ಟಿನ ಎಚ್ಚರ ವಹಿಸಿದ್ದರೆ ಅದನ್ನು ಪಡೆದು ಬಳಸಬಹುದಿತ್ತೇ? ಎರಡಕ್ಕೂ ಹೌದು ಎಂದಾದರೆ, ಬಳಸದೆ ಬಿಟ್ಟದ್ದು ತಪ್ಪು. ಕೂಡುವಾಗಿನ ಎಡವಟ್ಟು, ನಿಯಮವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು, ಕಣ್ತಪ್ಪು, ಕೊನೆಗೆ ಬೇಕೆಂದೇ ಮಾಡಿದ ಮೋಸ, ಎಲ್ಲವೂ ಇದೇ ಮಾತಿನಡಿ ಬರುತ್ತವೆ. ಮೋಸವನ್ನೂ ಕಣ್ತಪ್ಪನ್ನೂ ಒಂದೇ ಚೀಲಕ್ಕೆ ಹಾಕಿದ್ದಾರಲ್ಲ ಎಂದು ಅಚ್ಚರಿಯಾಗಬಹುದು. ಶಿಕ್ಷೆ ವಿಧಿಸುವುದು ಬೇರೆಯವರ ಕೆಲಸ; ಈ ಮಾನದಂಡಕ್ಕೆ ಬೇಕಿರುವುದು ಅಂಕಿ ಸರಿಯಾಗುವುದಷ್ಟೇ.

ಇನ್ನು ತಿದ್ದುವ ಕ್ರಮ. ಇದಕ್ಕೂ ಒಂದು ಕಲ್ಪಿತ ಕಂಪನಿ ಇರಲಿ. 2022ರ ಏಪ್ರಿಲ್‌ನಲ್ಲಿ ಅದು ಹಳೆಯ ಯಂತ್ರವೊಂದರ ರಿಪೇರಿಗೆ 60 ಲಕ್ಷ ರೂಪಾಯಿ ಖರ್ಚು ಮಾಡಿತು. ರಿಪೇರಿ ಎಂದರೆ ಆ ವರ್ಷದ ಖರ್ಚು. ಲೆಕ್ಕ ವಿಭಾಗ ಅದನ್ನು ಹೊಸ ಯಂತ್ರ ಕೊಂಡಂತೆ ಆಸ್ತಿಯ ಖಾತೆಗೆ ಬರೆದು, ಆರು ವರ್ಷಗಳಿಗೆ ಹಂಚಿ, ವರ್ಷಕ್ಕೆ 10 ಲಕ್ಷ ಸವಕಳಿ ಹಾಕುತ್ತ ಬಂತು. 2024-25ರ ಲೆಕ್ಕ ತಯಾರಾಗುವಾಗ ಯಾರೋ ಹಳೆಯ ಬಿಲ್ ತೆರೆದು ನೋಡಿದರು. ಅದರ ಮೇಲೆ ರಿಪೇರಿ ಎಂದೇ ಸ್ಪಷ್ಟವಾಗಿ ಬರೆದಿತ್ತು.

ಹಾಗಾದರೆ ಯಾವ ವರ್ಷ ಎಷ್ಟು ತಪ್ಪಾಯಿತು? 2022-23ರಲ್ಲಿ 60 ಲಕ್ಷ ಖರ್ಚಾಗಬೇಕಿತ್ತು, ಆದದ್ದು 10 ಲಕ್ಷ ಮಾತ್ರ. ಲಾಭ 50 ಲಕ್ಷ ಹೆಚ್ಚಾಗಿ ಕಂಡಿತು. 2023-24ರಲ್ಲಿ ಈ ಬಾಬ್ತು ಏನೂ ಖರ್ಚಿರಬಾರದಿತ್ತು, 10 ಲಕ್ಷ ಸವಕಳಿ ಬಿದ್ದಿದೆ. ಆ ವರ್ಷದ ಲಾಭ 10 ಲಕ್ಷ ಕಡಿಮೆಯಾಗಿ ಕಂಡಿದೆ. ಲೆಕ್ಕ ಸುಲಭವಾಗಲೆಂದು ತೆರಿಗೆ ಶೇ. 25 ಎಂದಿಟ್ಟುಕೊಂಡರೆ, ತೆರಿಗೆ ಕಳೆದ ಮೇಲೆ ಮೊದಲ ವರ್ಷದ ಲಾಭ 37.5 ಲಕ್ಷ ಇಳಿಯಬೇಕು, ಎರಡನೆಯ ವರ್ಷದ್ದು 7.5 ಲಕ್ಷ ಏರಬೇಕು. ಲಾಭ ಉಬ್ಬಿಸಿದ ತಪ್ಪನ್ನು ತಿದ್ದಿದಾಗ ಹೋದ ವರ್ಷದ ಲಾಭ ಹೆಚ್ಚಾಗುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಆಸ್ತಿಗೆ ತಪ್ಪಾಗಿ ಏರಿಸಿದ ಖರ್ಚು ಮೊದಲ ವರ್ಷ ಕೊಟ್ಟ ಸುಳ್ಳು ಲಾಭವನ್ನು ಮುಂದಿನ ವರ್ಷಗಳಿಂದ ಕಂತುಕಂತಾಗಿ ಕಿತ್ತುಕೊಳ್ಳುತ್ತದೆ. ತಿದ್ದುವಾಗ ಆ ಕಂತುಗಳೂ ವಾಪಸಾಗಬೇಕು.

ಕಂಪನಿಯ ವಾರ್ಷಿಕ ವರದಿಯಲ್ಲಿ ಯಾವಾಗಲೂ ಎರಡು ಕಾಲಂ ಅಂಕಿಗಳಿರುತ್ತವೆ, ಈ ವರ್ಷದ್ದು ಮತ್ತು ಹೋಲಿಕೆಗೆಂದು ಹೋದ ವರ್ಷದ್ದು. 2024-25ರ ವರದಿಯಲ್ಲಿ ಹೋದ ವರ್ಷದ ಕಾಲಂನಲ್ಲಿ ಸವಕಳಿ 10 ಲಕ್ಷ ಕಡಿಮೆ, ತೆರಿಗೆ 2.5 ಲಕ್ಷ ಹೆಚ್ಚು, ಲಾಭ 7.5 ಲಕ್ಷ ಹೆಚ್ಚು ಎಂದು ಹೊಸದಾಗಿ ಬರೆಯಬೇಕು. 2022-23 ಆ ವರದಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಅದರ 37.5 ಲಕ್ಷವನ್ನು, ಹೋಲಿಕೆಯ ವರ್ಷ ಶುರುವಾದ 2023ರ ಏಪ್ರಿಲ್ 1ರಂದು ಕಂಪನಿ ಕೂಡಿಟ್ಟಿದ್ದ ಲಾಭದಿಂದ ನೇರವಾಗಿ ಕಳೆಯಬೇಕು. ಅದನ್ನು ಓದುಗ ಕಣ್ಣಾರೆ ನೋಡಲೆಂದು ಆ ದಿನದ ಬ್ಯಾಲೆನ್ಸ್ ಶೀಟನ್ನೂ ಮೂರನೆಯ ಕಾಲಂ ಆಗಿ ಕೊಡಬೇಕು. ಜೊತೆಗೆ ತಪ್ಪು ಯಾವ ಬಗೆಯದು, ಯಾವ ಸಾಲಿನಲ್ಲಿ ಎಷ್ಟು ಬದಲಾಯಿತು, ಷೇರೊಂದರ ಗಳಿಕೆ ಎಷ್ಟು ವ್ಯತ್ಯಾಸವಾಯಿತು ಎಂಬ ಟಿಪ್ಪಣಿ ಬೇಕು. ಈ ವರ್ಷದ ಲಾಭ-ನಷ್ಟ ಪಟ್ಟಿಗೆ ಹಳೆಯ ತಪ್ಪಿನ ಒಂದು ಪೈಸೆಯೂ ಬರುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಉಳಿದ ಮೊತ್ತವನ್ನು ಈ ವರ್ಷವೇ ಖರ್ಚು ಬರೆದು ಕೈತೊಳೆದುಕೊಂಡರಾಗದೇ ಎಂದು ಕೇಳಬಹುದು. ಮೊದಲು ಪ್ರಕಟವಾದ ಲಾಭ 2022-23ರಲ್ಲಿ 120 ಲಕ್ಷ, 2023-24ರಲ್ಲಿ 90 ಲಕ್ಷ ಇತ್ತೆನ್ನೋಣ. 2024-25ರ ಸರಿಯಾದ ಲಾಭ 100 ಲಕ್ಷ. ತಪ್ಪನ್ನು ಆಯಾ ವರ್ಷಕ್ಕೇ ಒಯ್ದು ತಿದ್ದಿದರೆ ಸರಣಿ 82.5, 97.5, 100 ಎಂದಾಗುತ್ತದೆ. ನಿಧಾನವಾಗಿಯಾದರೂ ಏರುತ್ತಿರುವ ವ್ಯಾಪಾರ. ಆಸ್ತಿಯ ಖಾತೆಯಲ್ಲಿ ಉಳಿದಿರುವ 40 ಲಕ್ಷವನ್ನು, ತೆರಿಗೆ ಕಳೆದರೆ 30 ಲಕ್ಷವನ್ನು, ಈ ವರ್ಷದ ತಲೆಗೆ ಕಟ್ಟಿದರೆ ಸರಣಿ 120, 90, 70. ಮುಳುಗುತ್ತಿರುವ ವ್ಯಾಪಾರ! ಕಾರ್ಖಾನೆ ಅದೇ, ಯಂತ್ರ ಅದೇ, ಮಾರಿದ ಮಾಲೂ ಅದೇ. ಸಾಲ ಕೊಡುವ ಬ್ಯಾಂಕಿನವರಾಗಲಿ ಷೇರು ಮಾರಲೋ ಬೇಡವೋ ಎಂದು ಯೋಚಿಸುವ ನಿವೃತ್ತ ಮೇಷ್ಟರಾಗಲಿ ಈ ಎರಡು ಸರಣಿಗಳನ್ನು ನೋಡಿ ಒಂದೇ ತೀರ್ಮಾನಕ್ಕೆ ಬರಲಾರರು.

ಆದರೂ ಭಾರತದಲ್ಲಿ ಎರಡನೆಯ ದಾರಿ ಇಂದಿಗೂ ಜೀವಂತವಾಗಿದೆ. ಪಟ್ಟಿಯಾದ ಕಂಪನಿಗಳೂ ದೊಡ್ಡ ಕಂಪನಿಗಳೂ 2016ರಿಂದ ಹಂತಹಂತವಾಗಿ ಇಂಡ್ ಎಎಸ್‌ಗೆ ಬಂದವು. ಬ್ಯಾಂಕುಗಳು ಬರಲಿಲ್ಲ, 2019ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಗಡುವಿಲ್ಲದೆ ಮುಂದೂಡಿತು. ಹಾಗಾಗಿ ಬ್ಯಾಂಕುಗಳಿಗೂ ಸಣ್ಣ ಕಂಪನಿಗಳಿಗೂ ಈಗಲೂ ಹಳೆಯ ಎಎಸ್ 5 ಮಾನದಂಡವೇ ಅನ್ವಯ. ಅದರ ಪ್ರಕಾರ ಹಿಂದಿನ ಅವಧಿಯ ತಪ್ಪು ಸಿಕ್ಕ ವರ್ಷದ ಲಾಭ-ನಷ್ಟಕ್ಕೇ ಸೇರುತ್ತದೆ, ಅದನ್ನು ಪ್ರತ್ಯೇಕವಾಗಿ ಕಾಣುವಂತೆ ತೋರಿಸಿದರೆ ಸಾಕು.

ಇಂಡಸ್‌ಇಂಡ್ ಬ್ಯಾಂಕಿನ ಪ್ರಕರಣದಲ್ಲಿ ನಾಡು ಇದನ್ನು ನೋಡಿತು. ತನ್ನ ಡೆರಿವೇಟಿವ್ ವ್ಯವಹಾರಗಳ ಲೆಕ್ಕದಲ್ಲಿ ವ್ಯತ್ಯಾಸಗಳಿವೆ, ಅದರಿಂದ ನಿವ್ವಳ ಸಂಪತ್ತಿನ ಸುಮಾರು ಶೇ. 2.35ರಷ್ಟು ಕರಗಬಹುದು ಎಂದು ಬ್ಯಾಂಕ್ 2025ರ ಮಾರ್ಚ್ 10ರಂದು ಷೇರುಪೇಟೆಗೆ ತಿಳಿಸಿತು. ಮೊತ್ತ ಕೊನೆಗೆ ಸುಮಾರು 1,960 ಕೋಟಿ ರೂಪಾಯಿ ಎಂದು ನಿಂತಿತು. ಹಿಂದಿನ ವರ್ಷಗಳ ವ್ಯವಹಾರಗಳಿಂದ ಗುಡ್ಡೆಯಾಗಿದ್ದ ಆ ಮೊತ್ತ 2025ರ ಮಾರ್ಚ್‌ಗೆ ಮುಗಿದ ತ್ರೈಮಾಸಿಕದ ಮೇಲೆ ಬಂದು ಬಿತ್ತು. ಬೇರೆ ಹೊರೆಗಳೂ ಜೊತೆಗೂಡಿ ಬ್ಯಾಂಕ್ ಆ ಮೂರು ತಿಂಗಳಿಗೆ 2,200 ಕೋಟಿ ಮೀರಿದ ನಷ್ಟ ತೋರಿಸಿತು. ಆ ನಷ್ಟ ಸುಳ್ಳೇನಲ್ಲ. ಆದರೆ ಎಷ್ಟು ಭಾಗ ಯಾವ ವರ್ಷಕ್ಕೆ ಸೇರಿದ್ದು, ಹಿಂದಿನ ವರ್ಷಗಳಲ್ಲಿ ಬ್ಯಾಂಕ್ ನಿಜಕ್ಕೂ ಎಷ್ಟು ಗಳಿಸಿತ್ತು ಎಂಬ ಪ್ರಶ್ನೆಗೆ ಲಾಭ-ನಷ್ಟ ಪಟ್ಟಿಯ ಒಂದು ಸಾಲು ಉತ್ತರ ಕೊಡಲಾರದು. ಎಎಸ್ 5 ಸರಳ, ನಿಜ. ಓದುಗನಿಗಿಂತ ಬರೆಯುವವನಿಗೇ ಅದು ಹೆಚ್ಚು ಅನುಕೂಲ.

ಹಿಂದಿನ ಅಂಕಿ ತಿದ್ದುವುದೆಂದರೆ ಹಳೆಯ ಪುಸ್ತಕವನ್ನೇ ತೆರೆದು ಬದಲಿಸುವುದು ಎಂದು ತಿಳಿಯಬಾರದು. 2023-24ರಲ್ಲಿ ಸಹಿಯಾಗಿ, ಷೇರುದಾರರ ಸಭೆಯಲ್ಲಿ ಅಂಗೀಕಾರವಾಗಿ, ಸರ್ಕಾರಕ್ಕೆ ಸಲ್ಲಿಕೆಯಾದ ವರದಿ ಹಾಗೇ ಇರುತ್ತದೆ. ತಿದ್ದಿದ ಅಂಕಿ ಮುಂದಿನ ವರ್ಷದ ವರದಿಯ ಹೋಲಿಕೆ ಕಾಲಂನಲ್ಲಿ ಮಾತ್ರ ಬರುತ್ತದೆ. ಹಳೆಯ ಲೆಕ್ಕವನ್ನೇ ಮತ್ತೆ ಬರೆಯಬೇಕಾದರೆ 2013ರ ಕಂಪನಿ ಕಾಯ್ದೆಯ 130 ಅಥವಾ 131ನೆಯ ಕಲಮಿನಡಿ ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲು ಬಡಿಯಬೇಕು. ಐಎಲ್ ಆಂಡ್ ಎಫ್‌ಎಸ್ ಮತ್ತು ಅದರ ಎರಡು ಅಂಗಸಂಸ್ಥೆಗಳ ಹಿಂದಿನ ಐದು ವರ್ಷಗಳ ಲೆಕ್ಕವನ್ನು ಮತ್ತೆ ತೆರೆಯಲು 2019ರ ಜನವರಿ 1ರಂದು ನ್ಯಾಯಮಂಡಳಿ ಆದೇಶಿಸಿತು, ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಅಪರೂಪದ, ಕಹಿಯಾದ ದಾರಿ.

ತಿದ್ದಲಾಗದ ತಪ್ಪುಗಳೂ ಇವೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂಬ ಒಪ್ಪಿಗೆಯಿತ್ತು. ಕೆಲವೇ ದಿನಗಳಲ್ಲಿ ಆಡಿಟರುಗಳು ತಮ್ಮ ಹಳೆಯ ವರದಿಗಳನ್ನು ಇನ್ನು ನೆಚ್ಚಬೇಡಿ ಎಂದು ತಿಳಿಸಿದರು. ಇಲ್ಲದ ಹಣ ಹಲವು ವರ್ಷಗಳಲ್ಲಿ ತುಸುತುಸುವಾಗಿ ಹುಟ್ಟಿದ್ದು. ಬಿಲ್ಲುಗಳೇ ಸುಳ್ಳಾದಾಗ ಯಾವ ವರ್ಷದ ಲಾಭದಲ್ಲಿ ಎಷ್ಟು ಸುಳ್ಳು ಎಂದು ಬಿಡಿಸಿ ಹೇಳುವುದು ಹೇಗೆ? ಮಾಲೀಕರು ಬದಲಾಗಿ, ಕಂಪನಿಯ ಹೆಸರೂ ಬದಲಾಗಿ, ಬಾಕಿ ಉಳಿದಿದ್ದ ಲೆಕ್ಕ ಹೊರಬರಲು 2010ರ ಸೆಪ್ಟೆಂಬರ್ ಆಯಿತು. ಸತ್ಯಂ ಕಾಲಕ್ಕೆ ಇಂಡ್ ಎಎಸ್ ಇರಲಿಲ್ಲ. ಆದರೆ ಇಂಥ ಸಂದರ್ಭಕ್ಕೆಂದೇ ಅದರಲ್ಲಿ ಒಂದು ವಿನಾಯಿತಿ ಇದೆ. ಎಲ್ಲ ಪ್ರಯತ್ನ ಮಾಡಿದ ಮೇಲೂ ಆಯಾ ವರ್ಷದ ಪಾಲು ಬಿಡಿಸಲಾಗದಿದ್ದರೆ, ಬಿಡಿಸಲು ಸಾಧ್ಯವಾಗುವ ಅತಿ ಹಿಂದಿನ ದಿನದಿಂದ ತಿದ್ದಿದರೆ ಸಾಕು, ಏಕೆ ಆಗಲಿಲ್ಲ ಎಂದು ಹೇಳಬೇಕು. ದಾಖಲೆ ಹುಡುಕುವುದು ತ್ರಾಸ ಎಂಬುದು ಈ ವಿನಾಯಿತಿಗೆ ಕಾರಣವಾಗದು.

ಆಡಿಟರುಗಳಿಗೂ ಕಂಪನಿಗಳಿಗೂ ಜಗಳ ಹತ್ತುವುದು ತಿದ್ದುವ ಕ್ರಮದ ಬಗ್ಗೆ ಅಲ್ಲ, ಹೆಸರಿಡುವುದರ ಬಗ್ಗೆ. ತಪ್ಪು ಎಂದು ಬರೆದರೆ ನೂರು ಪ್ರಶ್ನೆ ಏಳುತ್ತವೆ. ಯಾರು ಮಾಡಿದ್ದು, ಯಾರು ನೋಡಲಿಲ್ಲ, ಆ ಲಾಭದ ಮೇಲೆ ಯಾರು ಬೋನಸ್ ಪಡೆದರು. ಹರ್ಟ್ಜ್‌ನ ಮುಖ್ಯಸ್ಥರಾಗಿದ್ದ ಮಾರ್ಕ್ ಫ್ರಿಸೋರಾ, ಆಪಾದನೆಗಳನ್ನು ಒಪ್ಪದೆ ಅಲ್ಲಗಳೆಯದೆ 2020ರಲ್ಲಿ ರಾಜಿ ಮಾಡಿಕೊಂಡಾಗ, ತಾವು ಪಡೆದಿದ್ದ ಬೋನಸ್ ಮತ್ತಿತರ ಸುಮಾರು 20 ಲಕ್ಷ ಡಾಲರ್ ಕಂಪನಿಗೆ ಮರಳಿಸಬೇಕಾಯಿತು. ಕಂಪನಿ ಅದಕ್ಕೂ ಮೊದಲೇ 1.6 ಕೋಟಿ ಡಾಲರ್ ದಂಡ ತೆತ್ತಿತ್ತು. ಅಂದಾಜು ಬದಲಾಯಿತು ಎಂದು ಬರೆದರೆ ಇವೆಲ್ಲ ತಪ್ಪುತ್ತವೆ.

ನಮ್ಮ ಕಲ್ಪಿತ ಕಂಪನಿಗೂ ಆ ಆಸೆ ಹುಟ್ಟದೆ ಇರದು. ಆಸ್ತಿಯ ಖಾತೆಯಲ್ಲಿ 40 ಲಕ್ಷ ಉಳಿದಿದೆಯಲ್ಲ? ಈ ಯಂತ್ರದ ಆಯುಷ್ಯವನ್ನು ಮರುಪರಿಶೀಲಿಸಿದೆವು, ಅದು ಈ ಮಾರ್ಚ್‌ಗೇ ಮುಗಿಯುತ್ತದೆ ಎಂದು ತೋರಿತು ಎಂದು ಬರೆದು ಇಡೀ 40 ಲಕ್ಷವನ್ನು ಈ ವರ್ಷದ ಸವಕಳಿಯಾಗಿ ತೋರಿಸಿಬಿಡಬಹುದು. ಹೋದ ವರ್ಷದ ಕಾಲಂ ಅಲುಗಾಡುವುದಿಲ್ಲ, ತಪ್ಪು ಎಂಬ ಮಾತೇ ಬರುವುದಿಲ್ಲ. ಅನುಭವಿ ಆಡಿಟರ್ ಇಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ವರ್ಷ ಹೊಸದಾಗಿ ಏನು ತಿಳಿಯಿತು? ಯಂತ್ರ ಕೆಟ್ಟಿತೇ, ಹೊಸ ತಂತ್ರಜ್ಞಾನ ಬಂತೇ, ಆ ಮಾಲಿಗೆ ಬೇಡಿಕೆ ಬಿತ್ತೇ? ಏನೂ ಇಲ್ಲ, ಒಂದು ಹಳೆಯ ಬಿಲ್ ಮಾತ್ರ ಸಿಕ್ಕಿತು ಎಂದಾದರೆ ಅದು ಅಂದಾಜಲ್ಲ. ಆ ಬಿಲ್ 2022ರಿಂದಲೂ ಕಡತದಲ್ಲೇ ಇತ್ತು.

ವಸೂಲಾಗದ ಬಾಕಿಯಲ್ಲಿ ಗೆರೆ ಇನ್ನೂ ತೆಳು. ಗಿರಾಕಿಯೊಬ್ಬ 80 ಲಕ್ಷ ಕೊಡಬೇಕಿದೆ, ಶೇ. 10ರಷ್ಟು ಬಾರದಿರಬಹುದೆಂದು 8 ಲಕ್ಷ ತೆಗೆದಿಟ್ಟು ಜೂನ್‌ನಲ್ಲಿ ಲೆಕ್ಕಕ್ಕೆ ಸಹಿಯಾಯಿತು. ಆಗಸ್ಟ್‌ನಲ್ಲಿ ಗಿರಾಕಿಯ ಗೋದಾಮಿಗೆ ಬೆಂಕಿ ಬಿದ್ದು ವಿಮೆಯೂ ಇಲ್ಲದೆ ಅವನು ದಿವಾಳಿಯಾದರೆ ಉಳಿದ 72 ಲಕ್ಷ ಹೊಸ ವರ್ಷದ ಖರ್ಚು. ಅಂದಾಜು ಕೈಕೊಟ್ಟಿತು, ಅಷ್ಟೇ. ಆದರೆ ಅವನ ಚೆಕ್ಕುಗಳು ಫೆಬ್ರವರಿಯಲ್ಲೇ ಎರಡು ಸಲ ವಾಪಸಾಗಿದ್ದವು, ಹಣ ಬರುವ ಆಸೆ ಬಿಡಿ ಎಂದು ವಕೀಲರು ಏಪ್ರಿಲ್‌ನಲ್ಲಿ ಬರೆದ ಪತ್ರ ಮಾರಾಟ ವಿಭಾಗದ ಮೇಜಿನಲ್ಲೇ ಉಳಿದು ಲೆಕ್ಕ ವಿಭಾಗಕ್ಕೆ ಬರಲೇ ಇಲ್ಲ ಎಂದರೆ ಕಥೆ ಬೇರೆ. ಕಂಪನಿಗೆ ಗೊತ್ತಿತ್ತು. 72 ಲಕ್ಷ ಗಣನೀಯವಾದರೆ ಹೋದ ವರ್ಷದ ಅಂಕಿ ತಿದ್ದಬೇಕು.

ಗಣನೀಯ ಎಂಬುದಕ್ಕೆ ಇಂತಿಷ್ಟು ಶೇಕಡಾ ಎಂಬ ಗೆರೆ ಮಾನದಂಡದಲ್ಲಿಲ್ಲ. ಸಾವಿರ ಕೋಟಿ ಲಾಭದ ಕಂಪನಿಯಲ್ಲಿ 72 ಲಕ್ಷ ಏನೂ ಅಲ್ಲದಿರಬಹುದು. ಆದರೆ ಅಷ್ಟೇ ಮೊತ್ತ ನಷ್ಟವನ್ನು ಲಾಭವಾಗಿ ತೋರಿಸಿದ್ದರೆ, ಸಾಲದ ಕರಾರು ಮುರಿಯುವುದನ್ನು ತಪ್ಪಿಸಿದ್ದರೆ, ಅದನ್ನು ಚಿಕ್ಕದೆನ್ನುವ ಆಡಿಟರ್ ಧೈರ್ಯವಂತನೇ ಸರಿ.

ಇದರಲ್ಲಿ ಒಂದು ಕಟ್ಟಳೆಯನ್ನು ಬಹಳ ಜನ ಮರೆಯುತ್ತಾರೆ. ಹಿಂದಿನ ವರ್ಷವನ್ನು ತಿದ್ದುವಾಗ ಇಂದಿನ ಜ್ಞಾನವನ್ನು ಅಲ್ಲಿಗೆ ಒಯ್ಯಬಾರದು. ವಕೀಲರ ಪತ್ರವನ್ನು ನೋಡಿದ್ದರೆ ಅಂದು 72 ಲಕ್ಷದಲ್ಲಿ 60 ಲಕ್ಷವನ್ನು ಮಾತ್ರ ಖರ್ಚು ಬರೆಯುವುದು ನ್ಯಾಯವೆನಿಸುತ್ತಿತ್ತು, ಉಳಿದ 12 ಲಕ್ಷ ಹೋದದ್ದು ಆಮೇಲಿನ ಬೆಂಕಿಯಿಂದ ಎಂದಾದರೆ, 60 ಹೋದ ವರ್ಷಕ್ಕೆ, 12 ಈ ವರ್ಷಕ್ಕೆ. ಒಂದೇ ಬಾಕಿಯಲ್ಲಿ ಒಂದು ಪಾಲು ತಪ್ಪು, ಇನ್ನೊಂದು ಪಾಲು ಅಂದಾಜಿನ ಬದಲಾವಣೆ.

ಷೇರುಪೇಟೆಯಲ್ಲಿ ಸ್ವಲ್ಪ ಹಣ ಇಟ್ಟವರು ಇದನ್ನು ಮನೆಯಲ್ಲೇ ಪತ್ತೆಹಚ್ಚಬಹುದು. ಈ ವರ್ಷದ ವರದಿಯಲ್ಲಿರುವ ಹೋದ ವರ್ಷದ ಕಾಲಂ ಒಂದು ಕಡೆ, ಹೋದ ವರ್ಷದ್ದೇ ವರದಿಯಲ್ಲಿದ್ದ ಅಂಕಿಗಳು ಇನ್ನೊಂದು ಕಡೆ ಇಟ್ಟು ನೋಡಬೇಕು. ಒಂದೇ ಆಗಿದ್ದರೆ ಸರಿ. ಬೇರೆಯಾಗಿದ್ದರೆ, ಲಾಭವೂ ಬದಲಾಗಿದೆಯೋ ಇಲ್ಲ ಒಂದು ಸಾಲಿನ ಮೊತ್ತ ಇನ್ನೊಂದು ಸಾಲಿಗೆ ಸರಿದು ಲಾಭ ಅಷ್ಟೇ ಇದೆಯೋ ಎಂದು ಗಮನಿಸಬೇಕು. ಎರಡನೆಯದು ಸಾಮಾನ್ಯವಾಗಿ ಬರೀ ವರ್ಗೀಕರಣದ ಬದಲಾವಣೆ. ಲಾಭವೇ ಬದಲಾಗಿ, ಕಾಲಂ ಮೇಲೆ ರೀಸ್ಟೇಟೆಡ್ ಎಂದು ಅಚ್ಚಾಗಿದ್ದರೆ ಟಿಪ್ಪಣಿಗೆ ಹೋಗಬೇಕು. ಅಲ್ಲಿ ಕಾರಣ ತಪ್ಪು ಎಂದಿರಬಹುದು, ಲೆಕ್ಕದ ನೀತಿಯನ್ನೇ ಬದಲಿಸಿದ್ದು ಅಥವಾ ಕಂಪನಿಗಳು ವಿಲೀನವಾದದ್ದು ಎಂದೂ ಇರಬಹುದು.

ಅಂದಾಜು ಬದಲಾದದ್ದನ್ನು ಹೀಗೆ ಹಿಡಿಯಲಾಗುವುದಿಲ್ಲ, ಏಕೆಂದರೆ ಹಳೆಯ ಕಾಲಂ ಅಲುಗಾಡಿರುವುದೇ ಇಲ್ಲ. ಅದಕ್ಕೆ ಸವಕಳಿಯ ಟಿಪ್ಪಣಿಯನ್ನೇ ಓದಬೇಕು. ಗೂಗಲ್‌ನ ಒಡೆಯ ಕಂಪನಿಯಾದ ಆಲ್ಫಬೆಟ್ 2023ರ ಜನವರಿಯಿಂದ ತನ್ನ ಸರ್ವರ್‌ಗಳ ಆಯುಷ್ಯವನ್ನು ನಾಲ್ಕರಿಂದ ಆರು ವರ್ಷಕ್ಕೆ ಏರಿಸಿತು. ಕೆಲವು ನೆಟ್‌ವರ್ಕ್ ಉಪಕರಣಗಳದ್ದೂ ಸೇರಿ ಆ ವರ್ಷದ ಸವಕಳಿ 390 ಕೋಟಿ ಡಾಲರ್ ಇಳಿಯಿತು. ವಾರ್ಷಿಕ ವರದಿಯಲ್ಲಿ ಅದು ಕೆಲವೇ ಸಾಲಿನ ಸಮಾಚಾರ. ಅಮೆಜಾನ್ 2024ರಲ್ಲಿ ತನ್ನ ಸರ್ವರ್‌ಗಳನ್ನು ಐದರಿಂದ ಆರು ವರ್ಷಕ್ಕೆ ಏರಿಸಿ, ಒಂದೇ ವರ್ಷದಲ್ಲಿ, 2025ರ ಜನವರಿಯಿಂದ, ಅವುಗಳಲ್ಲಿ ಕೆಲವನ್ನು ಮತ್ತೆ ಐದಕ್ಕೆ ಇಳಿಸಿತು. ತಂತ್ರಜ್ಞಾನ ಓಡುತ್ತಿರುವ ವೇಗ ಹೆಚ್ಚಿದೆ ಎಂಬುದು ಕೊಟ್ಟ ಕಾರಣ, 2025ರ ಕಾರ್ಯಾಚರಣೆ ಲಾಭ ಸುಮಾರು 70 ಕೋಟಿ ಡಾಲರ್ ತಗ್ಗಬಹುದೆಂಬುದು ಅದರದೇ ಲೆಕ್ಕ. ಹಾಗಾದರೆ 2024ರಲ್ಲಿ ಆರು ವರ್ಷ ಎಂದದ್ದು ತಪ್ಪಾಗಿತ್ತೇ ಎಂದರೆ, ಕಂಪನಿಯ ಉತ್ತರ ಅಲ್ಲ ಎಂಬುದೇ. ಅದು ಹೊಸ ಆಯುಷ್ಯವನ್ನು 2025ರಿಂದ ಮುಂದಕ್ಕಷ್ಟೇ ಅನ್ವಯಿಸಿತು. 2024ರ ಅಂಕಿಗಳನ್ನು ಅದಕ್ಕಾಗಿ ತಿದ್ದಲಿಲ್ಲ.